ಕೆಲಸ ಮುಗಿದ ಮೇಲೆ ಇನ್ನೊಂದು ಪ್ರಸ್ತಾಪ

ವೆಬ್‌ಸೈಟ್ ಮಾಡಿಕೊಡುವವರು ಎರಡು ಮೂರು ತಿಂಗಳು ಒಬ್ಬ ಗ್ರಾಹಕರ ಜೊತೆ ಕೆಲಸ ಮಾಡಿದರೆ, ಆ ಹೊತ್ತಿಗೆ ಅವರ ವ್ಯವಹಾರದ ಒಳಹೊರಗು ಗೊತ್ತಾಗಿರುತ್ತದೆ. ಎಲ್ಲಿ ಏನು ಕೊರತೆಯಿದೆ, ಮುಂದೆ ಏನು ಬೇಕಾದೀತು ಎನ್ನುವುದು ಹೊಸಬರಿಗಿಂತ ಅವರಿಗೇ ಚೆನ್ನಾಗಿ ಕಾಣುತ್ತದೆ. ಆದರೂ ಕೆಲಸ ಮುಗಿಯುವ ಗಳಿಗೆಯಲ್ಲಿ ‘ಇದನ್ನೂ ಮಾಡಿಸಿಕೊಳ್ಳಿ’ ಎಂದರೆ ಗ್ರಾಹಕರಿಗೆ ದುಡ್ಡು ಕೀಳುವ ದಾರಿಯಂತೆ ಕೇಳಿಸುತ್ತದೆ. ಅಷ್ಟರಲ್ಲಿ ಅವರು ಹಣ ಕೊಟ್ಟಿರುತ್ತಾರೆ, ಕೈಯಲ್ಲಿರುವ ಸೈಟಿನ ಕೀಲಿಕೈಗಳು ಇನ್ನೂ ಮಾಡಿದವರ ಬಳಿಯೇ ಇರುತ್ತವೆ. ಈ ಸ್ಥಿತಿಯಲ್ಲಿ ಬರುವ ಯಾವ ಸಲಹೆಯೂ ಒತ್ತಾಯದಂತೆ ತೋರುತ್ತದೆ. ಆದ್ದರಿಂದ ಹೊಸ ಸೇವೆಯ ಮಾತು ಎತ್ತುವ ಮೊದಲು ಹಳೆಯ ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು.

ಸಕಲೇಶಪುರದ ಕಡೆಯ ಒಂದು ಹೋಂಸ್ಟೇಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ನಾಲ್ಕು ಕೋಣೆ, ಕಾಫಿ ತೋಟದ ನಡುವೆ ಮನೆ, ನಡೆಸುವವರು ಗಂಡ ಹೆಂಡತಿ ಇಬ್ಬರೇ. ವೆಬ್‌ಸೈಟಿಗೆ ಒಪ್ಪಿಕೊಂಡ ಮೊತ್ತ 60,000 ರೂಪಾಯಿ. ಕೊನೆಯ ಕಂತು 12,000 ಬಾಕಿ. ಸೈಟಿನಲ್ಲಿ ಕೋಣೆಗಳ ಚಿತ್ರ, ದರ, ದಾರಿ ಮತ್ತು ವಿಚಾರಣೆಯ ಒಂದು ಫಾರಂ ಇರಬೇಕೆಂದು ಕೊಟೇಶನ್‌ನಲ್ಲಿ ಬರೆದಿದೆ. ಕೆಲಸ ನಡೆಯುತ್ತಿದ್ದಾಗ ಯಜಮಾನರು ಎರಡು ಮಾತನ್ನು ಮತ್ತೆ ಮತ್ತೆ ಹೇಳಿದ್ದಾರೆ: ರಾತ್ರಿ ಬರುವ ವಿಚಾರಣೆಗೆ ಬೆಳಿಗ್ಗೆ ಉತ್ತರಿಸುವಷ್ಟರಲ್ಲಿ ಜನ ಬೇರೆ ಕಡೆ ಬುಕ್ ಮಾಡಿಬಿಡುತ್ತಾರೆ, ಒಂದೇ ಕೋಣೆ ಒಮ್ಮೊಮ್ಮೆ ಫೋನಿನಲ್ಲೂ ಬುಕಿಂಗ್ ಆ್ಯಪ್‌ನಲ್ಲೂ ಹೋಗಿ ಇಬ್ಬರಿಗೆ ಕೊಟ್ಟಂತಾಗುತ್ತದೆ. ಇವೆರಡೂ ಕೊಟೇಶನ್‌ನ ಹೊರಗಿನವು. ಮಾಡುವವರು ಇವನ್ನು ಗ್ರಾಹಕರ ಮಾತಿನಲ್ಲೇ, ದಿನಾಂಕ ಹಾಕಿ ಬರೆದಿಟ್ಟುಕೊಂಡರೆ ಸಾಕು. ಅಲ್ಲಿಯವರೆಗೆ ಮಾರಾಟದ ಮಾತು ಬೇಡ.

ಹಸ್ತಾಂತರ ಒಂದು ಹಾಳೆಯಲ್ಲಿ ಮುಗಿಯುವ ಕೆಲಸ, ಆದರೆ ಬಹಳ ಮಂದಿ ಎಡವುವುದು ಇಲ್ಲಿಯೇ. ಡೊಮೇನ್ ಯಜಮಾನರ ಹೆಸರಿನಲ್ಲಿ, ಅವರ ಇಮೇಲ್‌ಗೆ ನೋಂದಾಯಿತವಾಗಿರಬೇಕು. ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್, ವರ್ಡ್‌ಪ್ರೆಸ್‌ನ ಅಡ್ಮಿನ್ ಖಾತೆ, ಇಡೀ ಸೈಟಿನ ಒಂದು ಬ್ಯಾಕಪ್ ಪ್ರತಿ, ಡೊಮೇನ್ ಮತ್ತು ಹೋಸ್ಟಿಂಗ್ ಯಾವ ದಿನಕ್ಕೆ ನವೀಕರಿಸಬೇಕು, ಅಂದಾಜು ಎಷ್ಟು ಖರ್ಚು ಎನ್ನುವುದು ಆ ಹಾಳೆಯಲ್ಲಿರುತ್ತದೆ. ಮೊದಲ ವರ್ಷದ ರಿಯಾಯಿತಿ ದರ ಎರಡನೆಯ ವರ್ಷಕ್ಕೆ ಏರುವುದು ಸಾಮಾನ್ಯ. ಅದನ್ನು ಕೊಟೇಶನ್ ಕೊಡುವ ದಿನವೇ ಹೇಳಿರಬೇಕು. ಕೆಲಸ ಮುಗಿದ ದಿನ ಹೇಳಿದರೆ ಸುಳ್ಳಲ್ಲದಿದ್ದರೂ ಮೋಸದಂತೆಯೇ ಅನಿಸುತ್ತದೆ. ಎಸ್‌ಎಸ್‌ಎಲ್ ಪ್ರಮಾಣಪತ್ರದ್ದೂ ಹೀಗೆಯೇ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರವನ್ನು ಈಗ ಎಷ್ಟೋ ಹೋಸ್ಟಿಂಗ್ ಕಂಪನಿಗಳೇ ಹಾಕಿಕೊಡುತ್ತವೆ, ಅದು ತಾನಾಗಿ ನವೀಕರಣಗೊಳ್ಳುತ್ತದೆ. ಅಂಥದಕ್ಕೆ ವರ್ಷಕ್ಕಿಷ್ಟು ಎಂದು ಬಿಲ್ ಹಾಕುವವರು ಅವಕಾಶವಾದಿ ಎನಿಸಿಕೊಂಡರೆ ಅದು ತಪ್ಪು ತಿಳಿವಳಿಕೆಯಲ್ಲ, ಸರಿಯಾದ ತೀರ್ಮಾನ.

ಕೊನೆಯ ಕಂತಿನ ಬಿಲ್ ಒಂಟಿಯಾಗಿ ಹೋಗಬೇಕು. ಅದೇ ಇಮೇಲ್‌ನಲ್ಲಿ ಹೊಸ ಸೇವೆಯ ದರಪಟ್ಟಿ ಸೇರಿಸಿದರೆ ಎರಡಕ್ಕೂ ಕೇಡು: ಯಜಮಾನರಿಗೆ ಬಿಲ್ ದೊಡ್ಡದಾಗಿ ಕಾಣುತ್ತದೆ, ಪ್ರಸ್ತಾಪ ಬಾಕಿ ವಸೂಲಿಯ ಬಾಲದಂತೆ ಕಾಣುತ್ತದೆ. ಸೈಟ್ ಚಾಲೂ ಆಗುವ ದಿನವೂ ಸಮಯವಲ್ಲ. ಆ ದಿನ ಪೂಜೆ, ನೆಂಟರು, ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಹಂಚುವ ಸಂಭ್ರಮ. ಖುಷಿಯಲ್ಲಿ ‘ಆಯ್ತು, ಮಾಡಿ’ ಎಂದವರು ಮರುವಾರ ಯೋಚನೆಗೆ ಬೀಳುತ್ತಾರೆ. ಮೂವತ್ತು ದಿನ ಯಾವ ದೋಷ ಕಂಡರೂ ಹಣವಿಲ್ಲದೆ ಸರಿಪಡಿಸಿಕೊಡುವುದಾಗಿ ಬರೆದುಕೊಟ್ಟು, ಮೂರನೆಯ ವಾರದಲ್ಲಿ ಒಮ್ಮೆ ಕೂತು ಮಾತಾಡಿದರೆ ಆಗ ಇಬ್ಬರ ಮುಂದೆಯೂ ನಿಜವಾದ ಅನುಭವವಿರುತ್ತದೆ.

ಆ ಮಾತುಕತೆಗೆ ಆಧಾರ ಸೈಟಿನದೇ ಲೆಕ್ಕ. ಯಜಮಾನರ ಒಪ್ಪಿಗೆಯಿಂದ ಫಾರಂ ನೋಡಿದಾಗ ಮೂರು ವಾರದಲ್ಲಿ 38 ವಿಚಾರಣೆ ಬಂದಿವೆ, ಅವುಗಳಲ್ಲಿ 22 ರಾತ್ರಿ ಒಂಬತ್ತರ ನಂತರದವು ಎಂದುಕೊಳ್ಳೋಣ. ಇಲ್ಲಿ ಮೊದಲು ಹೇಳಬೇಕಾದ್ದು ದುಡ್ಡಿಲ್ಲದ ಪರಿಹಾರ. ಸಂದೇಶ ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ಬರುವಂತಿದ್ದರೆ, ಯಾರೂ ಇಲ್ಲದ ಹೊತ್ತಿನಲ್ಲಿ ತಾನಾಗಿ ಹೋಗುವ ಉತ್ತರವನ್ನು ಯಜಮಾನರೇ ಐದು ನಿಮಿಷದಲ್ಲಿ ಹಾಕಿಕೊಳ್ಳಬಹುದು, ಅದು ಉಚಿತ. ಅದನ್ನು ಹೇಳಿ, ಅಲ್ಲಿಯೇ ತೋರಿಸಿಕೊಟ್ಟ ಮೇಲೆ ಉಳಿಯುವುದು ಒಂದೇ ಕೋಣೆ ಇಬ್ಬರಿಗೆ ಹೋಗುವ ತೊಂದರೆ. ಅದಕ್ಕೆ ಸೈಟಿನಲ್ಲೊಂದು ಕ್ಯಾಲೆಂಡರ್ ಬೇಕು, ಅದು ಬುಕಿಂಗ್ ಆ್ಯಪ್‌ಗಳ ಕ್ಯಾಲೆಂಡರ್ ಜೊತೆ ಜೋಡಣೆಯಾಗಬೇಕು. ಇದು ಕೆಲಸ ಹಿಡಿಯುವಂಥದ್ದು, ಹಣ ಕೇಳಬಹುದಾದದ್ದು. ಇದರ ಮಿತಿಯನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇಂಥ ಜೋಡಣೆ ಸಾಮಾನ್ಯವಾಗಿ ತಕ್ಷಣ ಹೊಂದುವುದಿಲ್ಲ, ಒಮ್ಮೊಮ್ಮೆ ಗಂಟೆಗಟ್ಟಲೆ ತಡವಾಗುತ್ತದೆ. ಫೋನಿನಲ್ಲಿ ಕೊಟ್ಟ ಕೋಣೆಯನ್ನು ಯಜಮಾನರು ಕ್ಯಾಲೆಂಡರ್‌ನಲ್ಲಿ ತಾವೇ ಗುರುತು ಹಾಕದಿದ್ದರೆ ತೊಂದರೆ ಹೋಗುವುದಿಲ್ಲ.

ಪ್ರಸ್ತಾಪ ಅರ್ಧ ಪುಟ ಮೀರಬೇಕಿಲ್ಲ. ಅದರ ಧಾಟಿ ಹೀಗಿದ್ದೀತು: ‘ಸರ್, ಸೈಟ್ ಈಗ ಇರುವ ಹಾಗೆಯೇ ಚೆನ್ನಾಗಿ ನಡೆಯುತ್ತದೆ, ಇದಿಲ್ಲದೆ ಏನೂ ನಿಲ್ಲುವುದಿಲ್ಲ. ಒಂದೇ ಕೋಣೆ ಎರಡು ಕಡೆ ಬುಕ್ ಆಗುತ್ತದೆ ಎಂದು ನೀವು ಹೇಳಿದ್ದಿರಿ. ಕ್ಯಾಲೆಂಡರ್ ಹಾಕಿದರೆ ಅದು ಬಹಳ ಮಟ್ಟಿಗೆ ತಪ್ಪುತ್ತದೆ. ಖರ್ಚು 9,000, ಹತ್ತು ದಿನದ ಕೆಲಸ. ಬೇರೆ ಯಾರಿಂದಲಾದರೂ ಮಾಡಿಸಬಹುದು, ಅವರಿಗೆ ಬೇಕಾದ ವಿವರವೆಲ್ಲ ನಿಮಗೆ ಕೊಟ್ಟ ಹಾಳೆಯಲ್ಲಿದೆ.’ ‘ಇದಿಲ್ಲದೆ ಏನೂ ನಿಲ್ಲುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆಯಲು ಸಾಧ್ಯವಾಗದಿದ್ದರೆ, ಆ ಕೆಲಸ ಹೊಸ ಸೇವೆಯಲ್ಲ, ಹಳೆಯ ಕೆಲಸದ ಬಾಕಿ. ಫಾರಂನ ಇಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ, ಮೊಬೈಲಿನಲ್ಲಿ ಚಿತ್ರ ತೆರೆಯಲು ಬಹಳ ಹೊತ್ತು ಹಿಡಿಯುತ್ತಿದೆ ಎಂದಾದರೆ ಅವನ್ನು ಹಣ ಕೇಳದೆ ಸರಿಪಡಿಸಬೇಕು.

ತಿಂಗಳ ನಿರ್ವಹಣೆಯ ಪ್ರಸ್ತಾಪಕ್ಕೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಇದನ್ನು ಭಯ ಹುಟ್ಟಿಸಿ ಮಾರುವುದು ಸುಲಭ. ‘ನೋಡಿಕೊಳ್ಳದಿದ್ದರೆ ಸೈಟ್ ಹ್ಯಾಕ್ ಆಗುತ್ತದೆ’ ಎನ್ನುವ ಬದಲು ಏನೇನು ಮಾಡಲಾಗುತ್ತದೆ ಎಂದು ಹೇಳಿದರೆ ಸಾಕು: ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳನ್ನು ಹೊಸ ಆವೃತ್ತಿಗೆ ತರುವುದು, ಬ್ಯಾಕಪ್ ತೆಗೆಯುವುದಷ್ಟೇ ಅಲ್ಲದೆ ಅದನ್ನು ಮರಳಿ ಹಾಕಿ ಪರೀಕ್ಷಿಸುವುದು, ಸೀಸನ್ನಿಗೆ ತಕ್ಕಂತೆ ದರ ಬದಲಿಸುವುದು. ಸೈಟ್ ಚಿಕ್ಕದಿದ್ದು ಮನೆಯ ಮಗಳೋ ಮಗನೋ ಕಂಪ್ಯೂಟರ್ ಬಲ್ಲವರಾಗಿದ್ದರೆ ಒಂದು ಗಂಟೆ ಕೂತು ಕಲಿಸಿಕೊಡುವುದೇ ನ್ಯಾಯ. ತಿಂಗಳ ಕರಾರು ಮಾಡಿದರೂ ಯಾವಾಗ ಬೇಕಾದರೂ ಬಿಡಬಹುದೆಂಬ ಷರತ್ತು ಅದರಲ್ಲಿರಬೇಕು.

ನಮ್ಮ ಕಡೆ ನಿರಾಕರಣೆ ಬಾಯಿಬಿಟ್ಟು ಬರುವುದು ಕಡಿಮೆ. ‘ನೋಡೋಣ, ಹೇಳ್ತೀನಿ’ ಎಂದರೆ ಬಹುಪಾಲು ಬೇಡ ಎಂದೇ ಅರ್ಥ. ಇದಕ್ಕಿಂತ ಕಷ್ಟದ್ದು ದಾಕ್ಷಿಣ್ಯದ ಒಪ್ಪಿಗೆ: ಎದುರಿಗೆ ಕೂತವರನ್ನು ನೋಯಿಸಬಾರದೆಂದು ಹೂಂ ಎಂದವರು ಮುಂಗಡ ಕೊಡದೆ ಎಳೆಯುತ್ತಾರೆ, ಕೊನೆಗೆ ಸಂಬಂಧವೇ ಕೆಡುತ್ತದೆ. ಹಾಗಾಗಿ ಉತ್ತರವನ್ನು ಅಲ್ಲಿಯೇ ಕೇಳದೆ ಕಾಗದ ಕೊಟ್ಟು ಬರುವುದು, ಎರಡು ವಾರದ ನಂತರ ಒಮ್ಮೆ ಮಾತ್ರ ನೆನಪಿಸುವುದು ಒಳ್ಳೆಯದು. ‘ಇದು ಮೊದಲೇ ಸೇರಿರಲಿಲ್ಲವಾ?’ ಎಂಬ ಪ್ರಶ್ನೆ ಬಂದರೆ ದರದ ಮಾತು ಬಿಟ್ಟು ಕೊಟೇಶನ್ ತೆಗೆದು ಇಬ್ಬರೂ ಸೇರಿ ಓದಬೇಕು. ಬರವಣಿಗೆ ಅಸ್ಪಷ್ಟವಾಗಿದ್ದರೆ ಆ ನಷ್ಟ ಬರೆದವರದು. ಕೆಲಸ ತಡವಾಗಿ ಮುಗಿದಿದ್ದರೆ, ಬಿಲ್ಲಿನ ಬಗ್ಗೆ ತಕರಾರಿದ್ದರೆ ಪ್ರಸ್ತಾಪವನ್ನೇ ಮುಂದೂಡಬೇಕು.

ಗ್ರಾಹಕರು ಒಪ್ಪಿದರೆ ಹೊಸ ಕೆಲಸಕ್ಕೆ ಹೊಸ ಕೊಟೇಶನ್, ಹೊಸ ದಿನಾಂಕ, ಬೇರೆ ಬಿಲ್. ಒಪ್ಪದಿದ್ದರೆ ಮೂವತ್ತು ದಿನ ತುಂಬಿದ ಮೇಲೆ ಕೊನೆಯ ಬ್ಯಾಕಪ್ ಪ್ರತಿಯನ್ನು ಯಜಮಾನರಿಗೆ ಕೊಟ್ಟು, ಪಾಸ್‌ವರ್ಡ್‌ಗಳನ್ನು ಅವರ ಕೈಯಲ್ಲೇ ಬದಲಾಯಿಸಿ, ಮಾಡಿಕೊಟ್ಟವರು ತಮ್ಮ ಅಡ್ಮಿನ್ ಖಾತೆಯನ್ನು ಸೈಟಿನಿಂದ ತೆಗೆದುಹಾಕುತ್ತಾರೆ.