ಬಿಸಿಲಿನಲ್ಲಿ ದುಡಿಯುವವರ ದೇಹರಕ್ಷಣೆ



ಮಳೆಗಾಲ ಮೊದಲಾಗುವುದರೊಳಗೆ ಮನೆಯ ತಾರಸಿ ಮುಗಿಯಲೆಂಬ ಆತುರದಿಂದ ನಮ್ಮಲ್ಲಿ ಅನೇಕರು ಚೈತ್ರ ವೈಶಾಖಗಳ ಬಿಸಿಲಿನಲ್ಲಿಯೇ ಕಟ್ಟಡದ ಕೆಲಸವನ್ನು ನಡೆಸುವುದುಂಟು. ಕಲಬುರಗಿ, ರಾಯಚೂರುಗಳ ಕಡೆ ಬೇಸಗೆಯಲ್ಲಿ ಸರ್ಕಾರದ ಕಚೇರಿಗಳನ್ನು ಬೆಳಗಿನ ಹೊತ್ತಿಗೇ ತೆರೆದು, ಮಧ್ಯಾಹ್ನಕ್ಕೆ ಮುಚ್ಚುವ ಏರ್ಪಾಡು ಬಂದಿದೆ. ಗುಮಾಸ್ತರಿಗೆ ದೊರೆತ ಈ ಅನುಕೂಲ ತಾರಸಿಯ ಮೇಲೆ ಬಾಂಡಲಿ ಹೊರುವವರಿಗೆ ದೊರೆಯುವುದು ಕೆಲಸ ಮಾಡಿಸುವವರ ವಿವೇಕವನ್ನು ಅವಲಂಬಿಸಿದೆ. ಆದುದರಿಂದ ನಾವು ಈ ಮಾತುಗಳನ್ನು ಕೂಲಿಗಾರರಿಗಿಂತ ಮುಖ್ಯವಾಗಿ ಅವರನ್ನು ನೇಮಿಸುವವರಿಗೆ ಹೇಳಬೇಕೆಂದಿದ್ದೇವೆ.

ಮೊದಲು ದೇಹದ ಸ್ಥಿತಿಯನ್ನು ನೋಡೋಣ. ಮೈ ಬಗ್ಗಿಸಿ ದುಡಿಯುವವನ ಸ್ನಾಯುಗಳು ಒಲೆಯಂತೆ ಶಾಖವನ್ನು ಹುಟ್ಟಿಸುತ್ತಲೇ ಇರುತ್ತವೆ. ಗಾಳಿ ತಂಪಾಗಿದ್ದರೆ ಆ ಶಾಖ ಚರ್ಮದಿಂದ ಗಾಳಿಗೆ ಹೋಗುತ್ತದೆ. ಗಾಳಿಯ ಉಷ್ಣತೆ 35 ಡಿಗ್ರಿ ಸೆಂಟಿಗ್ರೇಡನ್ನು ದಾಟಿತೆಂದರೆ ಅದು ಚರ್ಮದಷ್ಟೇ ಬಿಸಿಯಾಗಿ, ಆ ದಾರಿ ಮುಚ್ಚಿಹೋಗುತ್ತದೆ. ಆಗ ಉಳಿಯುವುದು ಒಂದೇ ಉಪಾಯ: ಬೆವರು ಆರುವುದು. ಬೆವರು ಸುರಿದರೆ ಸಾಲದು, ಆರಬೇಕು. ಕರಾವಳಿಯ ಒದ್ದೆ ಸೆಕೆಯಲ್ಲಿ ಬೆವರು ಆರದೆ ನೆಲಕ್ಕೆ ತೊಟ್ಟಿಕ್ಕುವುದರಿಂದ, ಉಷ್ಣಮಾಪಕದ ಅಂಕ ಕಡಿಮೆಯಿದ್ದರೂ ಅಪಾಯ ಕಡಿಮೆಯಾಗುವುದಿಲ್ಲ. ಕಠಿನವಾಗಿ ದುಡಿಯುವವನು ಗಂಟೆಗೆ ಒಂದು ಲೀಟರಿನವರೆಗೂ ಬೆವರಬಹುದು. ಅಷ್ಟು ನೀರು ಒಳಕ್ಕೆ ಹೋಗದಿದ್ದರೆ ಬೆವರು ಕುಗ್ಗಿ, ಒಳಗಿನ ಶಾಖ ಏರತೊಡಗುತ್ತದೆ.

ಇನ್ನು ಒಂದು ಸಂದರ್ಭವನ್ನು ಎಣಿಸಿಕೊಳ್ಳೋಣ. ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ಒಂದು ದಿನ, ಎಂಟು ಮಂದಿ ಆಳುಗಳು ತಾರಸಿಗೆ ಕಾಂಕ್ರೀಟು ಹಾಕುತ್ತಿದ್ದಾರೆ. ಮೇಸ್ತ್ರಿಗಳು ಇದನ್ನು ಮೋಲ್ಡು ಎನ್ನುವರು. ಈ ಕೆಲಸದ ಸ್ವಭಾವವೇನೆಂದರೆ, ಒಮ್ಮೆ ಮೊದಲಾದಮೇಲೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹಳೆಯ ಕಾಂಕ್ರೀಟಿಗೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ. ಕೂಲಿಯೂ ಗುತ್ತಿಗೆಯ ಲೆಕ್ಕದಲ್ಲಿರುವುದರಿಂದ ಯಾರೂ ಕುಳಿತುಕೊಳ್ಳಲೊಪ್ಪುವುದಿಲ್ಲ. ಒಂಬತ್ತು ಗಂಟೆಗೆ ಆರಂಭಿಸಿದರೆ ಕೆಲಸ ನಡುಹಗಲಿನ ಉರಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಇದಕ್ಕೆ ಪರಿಹಾರವು ಹಿಂದಿನ ದಿನವೇ ಆಗಬೇಕು. ಜಲ್ಲಿ, ಮರಳು, ಸಿಮೆಂಟುಗಳನ್ನು ಸಂಜೆಗೇ ಸಿದ್ಧಮಾಡಿಸಿ, ಬೆಳಗಿನ ಐದು ಗಂಟೆಗೆ ಕೆಲಸವನ್ನು ಮೊದಲುಮಾಡಿಸಿದರೆ ಹನ್ನೊಂದರ ಹೊತ್ತಿಗೆ ಮುಗಿಸಬಹುದು. ಇದರಿಂದ ಮನೆಗೂ ಲಾಭವಿದೆ; ಉರಿಬಿಸಿಲಿನಲ್ಲಿ ಹಾಕಿದ ಕಾಂಕ್ರೀಟು ಬೇಗನೆ ಒಣಗಿ ಬಿರುಕುಬಿಡುವುದು. ಎಂಟು ಆಳುಗಳ ಬದಲು ಹತ್ತು ಮಂದಿಯನ್ನು ಕರೆದರೆ, ಸರದಿಯ ಮೇಲೆ ಇಬ್ಬರು ನೆರಳಿನಲ್ಲಿ ಕುಳಿತಿದ್ದರೂ ಕೆಲಸ ನಿಲ್ಲುವುದಿಲ್ಲ. ಬಿಸಿಲು ಏರಿದಮೇಲೆ ಪ್ರತಿಯೊಬ್ಬನಿಗೂ ಗಂಟೆಗೆ ಹತ್ತು ಹದಿನೈದು ನಿಮಿಷದ ವಿಶ್ರಾಂತಿ ಅವಶ್ಯ. ಅದು ಗಾಳಿಯಾಡುವ ನೆರಳಾಗಿರಬೇಕು. ಸಾಮಾನು ತುಂಬಿದ ತಗಡಿನ ಗುಡಿಸಲಲ್ಲ. ಈ ವಿಶ್ರಾಂತಿಗೆ ಕೂಲಿಯಲ್ಲಿ ಕಡಿತವಿಲ್ಲವೆಂದು ಮೊದಲೇ ಹೇಳದಿದ್ದರೆ ಯಾರೂ ಅದನ್ನು ತೆಗೆದುಕೊಳ್ಳುವುದಿಲ್ಲ.

ಇನ್ನು ನೀರು. ಬಾಯಾರಿದಾಗ ಕುಡಿದರಾಯಿತೆಂಬುದು ತಪ್ಪು, ಏಕೆಂದರೆ ದುಡಿಯುವವನಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ದೊಡ್ಡ ಲೋಟ, ಎಂದರೆ ಕಾಲು ಲೀಟರು, ಕುಡಿಯುವುದು ಸರಿಯಾದ ಪದ್ಧತಿ. ಗಂಟೆಗೆ ಮುಕ್ಕಾಲು ಲೀಟರಾಯಿತು. ಆರು ಗಂಟೆಗೆ ಒಬ್ಬನಿಗೆ ನಾಲ್ಕೂವರೆ, ಹತ್ತು ಮಂದಿಗೆ ನಲವತ್ತೈದು ಲೀಟರು. ಹತ್ತು ಲೀಟರು ಹಿಡಿಯುವ ಐದು ಬಿಂದಿಗೆಗಳು ತಾರಸಿಯ ಹತ್ತಿರವೇ ಇರಬೇಕು. ಬೀದಿಯ ಕೊನೆಯ ನಲ್ಲಿಯಲ್ಲಿರುವ ನೀರು ಲೆಕ್ಕಕ್ಕೆ ಬಾರದು. ಇದಕ್ಕೂ ಮಿತಿಯುಂಟು. ಗಂಟೆಗೆ ಒಂದೂವರೆ ಲೀಟರನ್ನು ಮೀರಿ ಬರಿಯ ನೀರನ್ನೇ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಬೇರೆಯ ಕೇಡು ಬರುವುದು. ಹೊಟ್ಟೆ ತುಂಬ ಉಂಡು ಬಂದವನಿಗೆ ಊಟದ ಉಪ್ಪೇ ಸಾಕು. ನಡುವೆ ಉಪ್ಪು ಹಾಕಿದ ನೀರುಮಜ್ಜಿಗೆ ಬಹಳ ಒಳ್ಳೆಯದು. ಉಪ್ಪಿನ ಗುಳಿಗೆಗಳು ಬೇಡ. ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಕೆಲಸದ ಸ್ಥಳದಲ್ಲಿ ಮರೆಯಿಲ್ಲದ ಕಾರಣ ಹೆಣ್ಣಾಳುಗಳು ಬೇಕೆಂದೇ ನೀರು ಕುಡಿಯದೆ ದಿನವನ್ನು ಕಳೆಯುವುದುಂಟು. ಅಲ್ಲಿ ಒಂದು ಶೌಚದ ಮರೆಯನ್ನು ಕಟ್ಟಿಸದೆ, ಐದು ಬಿಂದಿಗೆ ನೀರಿಟ್ಟು ಫಲವಿಲ್ಲ.

ಈ ಹತ್ತು ಮಂದಿಯಲ್ಲಿ ಯಾರ ಮೇಲೆ ಹೆಚ್ಚು ಕಣ್ಣಿಡಬೇಕು? ಮುದುಕನ ಮೇಲೆ, ಬಡಕಲ ಮೇಲೆ ಎಂದು ತೋರುವುದು ಸಹಜ. ಆದರೆ ನಿನ್ನೆ ಮೊನ್ನೆ ಸೇರಿದ ಗಟ್ಟಿಮುಟ್ಟಾದ ತರುಣನೇ ಹೆಚ್ಚಿನ ಅಪಾಯದಲ್ಲಿರುತ್ತಾನೆ. ಅಮೆರಿಕದಲ್ಲಿ ಬಯಲಿನಲ್ಲಿ ದುಡಿಯುವಾಗ ಸೆಕೆಯಿಂದ ಸತ್ತವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸದ ಮೊದಲ ಕೆಲವೇ ದಿನಗಳಲ್ಲಿ ಸತ್ತವರು. ಹೆಚ್ಚು ಬೆವರುವುದನ್ನೂ, ಬೆವರಿನಲ್ಲಿ ಉಪ್ಪನ್ನು ಉಳಿಸುವುದನ್ನೂ ದೇಹವು ಕಲಿಯಲು ಒಂದೆರಡು ವಾರ ಬೇಕು. ಒಂದು ವಾರ ಬಿಟ್ಟರೆ ಆ ಕಲಿಕೆ ಮಾಸತೊಡಗುವುದು. ಆದುದರಿಂದ ಹೊಸಬನಿಗೆ ಮೊದಲ ದಿನ ಬಿಸಿಲಿನಲ್ಲಿ ಪೂರ್ಣ ಕೆಲಸದ ಐದರಲ್ಲೊಂದು ಪಾಲು, ಮರುದಿನ ಎರಡು ಪಾಲು, ಹೀಗೆ ಐದು ದಿನಗಳಲ್ಲಿ ಏರಿಸಿ, ಉಳಿದ ಹೊತ್ತು ನೆರಳಿನ ಕೆಲಸವನ್ನು ಕೊಡಬೇಕು. ಜ್ವರದಿಂದಲೋ ಊರ ಜಾತ್ರೆಯಿಂದಲೋ ಹಿಂದಿರುಗಿದ ಹಳೆಯ ಆಳಿಗೂ ಅರ್ಧ ಕೆಲಸದಿಂದಲೇ ಮತ್ತೆ ಮೊದಲಾಗಬೇಕು. ಇಂಥವರನ್ನು ಮೋಲ್ಡಿನ ದಿನ ಕರೆಯದಿರುವುದೇ ಲೇಸು.

ಕೊನೆಯದಾಗಿ ಮುನ್ಸೂಚನೆಗಳು. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ಮೂತ್ರ ಕಡಿಮೆಯಾಗಿ ಕಡುಹಳದಿಯಾಗುವುದು, ಕಾರಣವಿಲ್ಲದೆ ಸಿಡುಕುವುದು: ಇವುಗಳಲ್ಲಿ ಒಂದು ಕಂಡರೂ ಅವನನ್ನು ನೆರಳಿಗೆ ಕರೆತಂದು, ಬಟ್ಟೆಯನ್ನು ಸಡಿಲಿಸಿ, ನೀರು ಕುಡಿಸಬೇಕು. ಒಬ್ಬನನ್ನೇ ಕೂರಿಸಿ ಹೋಗಬಾರದು. ಕೇಳಿದರೆ ಅವನು ಏನೂ ಇಲ್ಲವೆಂದೇ ಹೇಳುವನು. ಆದುದರಿಂದ ಇಬ್ಬಿಬ್ಬರನ್ನು ಜೊತೆಮಾಡಿ, ಒಬ್ಬರನ್ನೊಬ್ಬರು ನೋಡಿಕೊಳ್ಳುವಂತೆ ನೇಮಿಸಬೇಕು.

ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಊರಿನ ಹೆಸರು ಕೇಳಿದಾಗ ಅಸಂಬದ್ಧವಾದ ಉತ್ತರ ಬಂದರೆ, ಅದು ಉಷ್ಣಾಘಾತ. ಮೈ ಒಣಗಿರಬೇಕೆಂಬ ನಿಯಮವಿಲ್ಲ. ದುಡಿಯುವವನ ಮೈಯಲ್ಲಿ ಬೆವರು ಸುರಿಯುತ್ತಿರುವಾಗಲೇ ಇದು ಬರಬಹುದು. ಒಳಗಿನ ಉಷ್ಣ 40 ಡಿಗ್ರಿಯನ್ನು ಮುಟ್ಟಿ, ಮಿದುಳು ಬೇಯುತ್ತಿರುವ ಸ್ಥಿತಿ ಇದು. ಒಬ್ಬರು 108ಕ್ಕೆ ಕರೆಮಾಡಲಿ. ಉಳಿದವರು ಆ ಕ್ಷಣವೇ ಅವನ ಮೇಲ್ಬಟ್ಟೆಗಳನ್ನು ತೆಗೆದು, ತಲೆಯಿಂದ ಕಾಲಿನವರೆಗೆ ಬಿಂದಿಗೆಗಟ್ಟಲೆ ನೀರು ಸುರಿದು, ಬೀಸಣಿಗೆಯಿಂದಾಗಲಿ ರಟ್ಟಿನಿಂದಾಗಲಿ ಎಡೆಬಿಡದೆ ಗಾಳಿ ಹಾಕಲಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯುವುದು. ಜ್ವರದ ಮಾತ್ರೆಯಿಂದ ಏನೂ ಪ್ರಯೋಜನವಿಲ್ಲ. ಗಾಡಿ ಬರಲೆಂದು ಕಾಯುವ ಅರ್ಧ ಗಂಟೆಯೇ ಜೀವ ಉಳಿಯುವ ಅಥವಾ ಹೋಗುವ ಅರ್ಧ ಗಂಟೆ. ಮೊದಲು ತಂಪುಮಾಡಿ, ಆಮೇಲೆ ಸಾಗಿಸಬೇಕು.

ಕುಡಿಯಲು ಐದು ಬಿಂದಿಗೆಗಳೆಂದು ಹೇಳಿದೆವು. ಈ ಕಾರಣದಿಂದಲೇ ಇನ್ನೆರಡು ಬಿಂದಿಗೆಗಳನ್ನು ತುಂಬಿಸಿ, ಬೇರೆ ಯಾವುದಕ್ಕೂ ಮುಟ್ಟದಂತೆ ಇರಿಸಿರಬೇಕೆಂದು ನಮ್ಮ ಸೂಚನೆ. ಸಂಜೆ ಅವನ್ನು ಹಾಕಿದ ತಾರಸಿಗೆ ಚಿಮುಕಿಸುವಂತಾದರೆ, ಆ ದಿನ ಚೆನ್ನಾಗಿ ಕಳೆಯಿತೆಂದು ತಿಳಿಯೋಣ.