ಡಿಸೆಂಬರ್ ಕಂತಿನ ಮುಂಗಡ ತೆರಿಗೆ: ಆಡಿಟರ್ ಪತ್ರದಲ್ಲಿರುವ ಮೊತ್ತ ಎಲ್ಲಿಂದ ಬಂತು?

ಡಿಸೆಂಬರ್ ಮೊದಲ ವಾರ ಬಂತೆಂದರೆ ವ್ಯಾಪಾರಸ್ಥರ ಮೊಬೈಲಿಗೆ ಆಡಿಟರ್ ಕಚೇರಿಯಿಂದ ಒಂದು ಸಂದೇಶ ಬರುತ್ತದೆ. ಹತ್ತು ಸಾಲು, ಒಂದು ಮೊತ್ತ, ಒಂದು ತಾರೀಖು. ಅನೇಕರು ಮೊತ್ತವನ್ನಷ್ಟೇ ನೋಡಿ, "ಮಾರ್ಚ್‌ನಲ್ಲಿ ಒಟ್ಟಿಗೆ ಕಟ್ಟಿದರಾಯಿತು" ಎಂದು ಬದಿಗಿಡುತ್ತಾರೆ. ನಾಲ್ಕು ಕಂತುಗಳಲ್ಲಿ ಡಿಸೆಂಬರಿನದನ್ನೇ ಹೀಗೆ ಬದಿಗಿಡಬಾರದು. ಯಾಕೆಂದು ತಿಳಿಯಲು ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕದೊಡನೆ ನೋಡೋಣ.

ಹುಬ್ಬಳ್ಳಿಯಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ ನಡೆಸುವ 63 ವರ್ಷದ ಒಬ್ಬ ವ್ಯಾಪಾರಿ ಎಂದುಕೊಳ್ಳಿ. ವರ್ಷದ ವಹಿವಾಟು ಮೂರೂವರೆ ಕೋಟಿ. ತೆರಿಗೆ ಹೊಸ ಪದ್ಧತಿಯಲ್ಲಿ. 2024ರ ಡಿಸೆಂಬರ್ 5ರಂದು ಅವರ ಆಡಿಟರ್ ಕಳಿಸಿದ ಪತ್ರ ಹೀಗಿದೆ:

"ಮಾನ್ಯರೇ, ನಮಸ್ಕಾರ. 2024-25ನೇ ಆರ್ಥಿಕ ವರ್ಷದ ಮುಂಗಡ ತೆರಿಗೆಯ ಮೂರನೇ ಕಂತಿನ ಕೊನೆಯ ದಿನ ಡಿಸೆಂಬರ್ 15. ನವೆಂಬರ್ ಕೊನೆಯವರೆಗಿನ ನಿಮ್ಮ ಲೆಕ್ಕ ನೋಡಿದ್ದೇವೆ. ದೀಪಾವಳಿ ಮತ್ತು ಮದುವೆ ಸೀಸನ್ನಿನ ಮಾರಾಟದಿಂದ ವರ್ಷದ ವ್ಯಾಪಾರದ ಲಾಭ 13,20,000 ರೂ. ಆಗಬಹುದು. ಠೇವಣಿ ಬಡ್ಡಿ 80,000 ಸೇರಿ ಒಟ್ಟು ಆದಾಯ 14,00,000. ಇದಕ್ಕೆ ಸೆಸ್ ಸೇರಿ ತೆರಿಗೆ 1,24,800. ಬ್ಯಾಂಕಿನವರು ಮುರಿಯುವ ಟಿಡಿಎಸ್ 8,000 ಕಳೆದರೆ 1,16,800. ಇದರ ಶೇ. 75 ಅಂದರೆ 87,600 ರೂ. ಡಿಸೆಂಬರ್ 15ರೊಳಗೆ ತುಂಬಿರಬೇಕು. ಜೂನ್ ಮತ್ತು ಸೆಪ್ಟೆಂಬರಿನಲ್ಲಿ ನೀವು ತುಂಬಿದ್ದು 33,840. ಈಗ ತುಂಬಬೇಕಾದದ್ದು 53,760 ರೂ. ಹದಿನೈದನೇ ತಾರೀಖು ರವಿವಾರ ಇರುವುದರಿಂದ 13ರ ಶುಕ್ರವಾರದೊಳಗೆ ತುಂಬಿ ಚಲನ್ ಕಳಿಸಿಕೊಡಿ. ಲಾಭದ ಅಂದಾಜು ಹೆಚ್ಚು ಕಡಿಮೆ ಅನ್ನಿಸಿದರೆ ತುಂಬುವ ಮೊದಲು ತಿಳಿಸಿ."

ಪತ್ರದಲ್ಲಿ ಹೆದರಿಕೆ ಹಾಕುವ ಮಾತಿಲ್ಲ, ನೋಟಿಸಿನ ಪ್ರಸ್ತಾಪವೂ ಇಲ್ಲ. ಆದರೂ ಮೊತ್ತ ನೋಡಿ ವ್ಯಾಪಾರಿ ಫೋನ್ ಮಾಡಿದರು.

"ಅಲ್ರೀ ಸಾಹೇಬ್ರ, ಸೆಪ್ಟೆಂಬರ್‌ದಾಗ ಇಪ್ಪತ್ತೊಂದು ಸಾವಿರ ತುಂಬೀನಿ. ಈಗ ಒಮ್ಮೆಲೇ ಐವತ್ಮೂರು ಅಂದ್ರ ಹೆಂಗ್ರೀ?"

"ಕಾಕಾ, ಇದು ಬರೇ ಡಿಸೆಂಬರ್ ಕಂತು ಅಲ್ರೀ. ಹಿಂದಿನ ಎರಡು ಕಂತಿನಾಗ ಕಡಿಮಿ ಬಿದ್ದದ್ದೂ ಇದರಾಗ ಕೂಡೈತಿ," ಎಂದರು ಆಡಿಟರ್.

ಗೊಂದಲ ಹುಟ್ಟುವುದು ಇಲ್ಲೇ. ಮುಂಗಡ ತೆರಿಗೆಯ ಕಂತುಗಳು ಬಿಡಿ ಬಿಡಿಯಾದ ನಾಲ್ಕು ಪಾಲುಗಳಲ್ಲ. ಜೂನ್ 15ರ ಹೊತ್ತಿಗೆ ವರ್ಷದ ತೆರಿಗೆಯ ಶೇ. 15, ಸೆಪ್ಟೆಂಬರ್ 15ರ ಹೊತ್ತಿಗೆ ಒಟ್ಟು ಶೇ. 45, ಡಿಸೆಂಬರ್ 15ರ ಹೊತ್ತಿಗೆ ಒಟ್ಟು ಶೇ. 75, ಮಾರ್ಚ್ 15ರ ಹೊತ್ತಿಗೆ ಪೂರ್ತಿ ತುಂಬಿರಬೇಕು. ಪ್ರತಿ ಸಲವೂ ವರ್ಷದ ತೆರಿಗೆಯನ್ನು ಹೊಸದಾಗಿ ಅಂದಾಜು ಮಾಡಿ, ಅಲ್ಲಿಯವರೆಗೆ ತುಂಬಿದ್ದನ್ನು ಕಳೆದು, ಉಳಿದದ್ದನ್ನು ತುಂಬುವುದು ಕ್ರಮ.

ನಮ್ಮ ವ್ಯಾಪಾರಿಗೆ ಜೂನ್‌ನಲ್ಲಿ ಒಟ್ಟು ಆದಾಯ 12 ಲಕ್ಷ ಎಂದು ಅಂದಾಜಾಗಿತ್ತು. ಆಗಿನ ದರದಂತೆ ಟಿಡಿಎಸ್ ಕಳೆದು ತೆರಿಗೆ 85,600. ಅದರ ಶೇ. 15 ಎಂದು 12,840 ತುಂಬಿದರು. ಜುಲೈ 23ರ ಬಜೆಟ್‌ನಲ್ಲಿ ಹೊಸ ಪದ್ಧತಿಯ ಸ್ಲ್ಯಾಬ್ ಸಡಿಲವಾಗಿ ಅದೇ 12 ಲಕ್ಷಕ್ಕೆ ತೆರಿಗೆ 75,200ಕ್ಕೆ ಇಳಿಯಿತು. ಅದರ ಶೇ. 45 ಅಂದರೆ 33,840. ಹಾಗಾಗಿ ಸೆಪ್ಟೆಂಬರಿನಲ್ಲಿ 21,000 ಸಾಕಾಯಿತು. ಆಗ ಎರಡೂ ಕಂತು ಸರಿಯಾಗಿಯೇ ಇದ್ದವು. ಅನಂತರ ಹಬ್ಬದ ಮಾರಾಟ ಎಣಿಕೆಗಿಂತ ಜಾಸ್ತಿಯಾಗಿ ಆದಾಯ ಎರಡು ಲಕ್ಷ ಏರಿತು. ವ್ಯಾಪಾರ ಬೆಳೆದ ಮೇಲೆ ತೆರಿಗೆ ಬೆಳೆಯುವುದು ಸಹಜ. ಆದರೆ ಕಾಯ್ದೆ ಕಂತನ್ನು ಅಳೆಯುವುದು ಜೂನ್‌ನ ಅಂದಾಜಿನಿಂದಲ್ಲ, ಕೊನೆಗೆ ರಿಟರ್ನ್‌ನಲ್ಲಿ ತೋರಿಸುವ ಆದಾಯದಿಂದ.

ಇದರ ಪರಿಣಾಮ ಏನು? ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 234ಸಿ ಕಲಮಿನ ಪ್ರಕಾರ ಮೊದಲ ಮೂರು ಕಂತುಗಳಲ್ಲಿ ಕಡಿಮೆ ಬಿದ್ದ ಮೊತ್ತಕ್ಕೆ ತಿಂಗಳಿಗೆ ಶೇ. 1ರಂತೆ ಮೂರು ತಿಂಗಳ ಬಡ್ಡಿ ಬೀಳುತ್ತದೆ. ಮೊದಲ ಎರಡು ಕಂತಿಗೆ ಒಂದಿಷ್ಟು ರಿಯಾಯಿತಿ ಇದೆ. ಜೂನ್‌ನಲ್ಲಿ ಶೇ. 12, ಸೆಪ್ಟೆಂಬರಿನಲ್ಲಿ ಶೇ. 36 ಮುಟ್ಟಿದ್ದರೂ ಬಡ್ಡಿ ಇಲ್ಲ. ವರ್ಷದ ಆರಂಭದಲ್ಲಿ ಅಂದಾಜು ತಪ್ಪುವುದು ಸರ್ಕಾರಕ್ಕೂ ಗೊತ್ತು. ಡಿಸೆಂಬರಿಗೆ ಈ ರಿಯಾಯಿತಿ ಇಲ್ಲ. ಶೇ. 74 ತುಂಬಿದರೂ ಉಳಿದ ಶೇ. 1ಕ್ಕೆ ಬಡ್ಡಿ ಬರುತ್ತದೆ.

ನಮ್ಮ ವ್ಯಾಪಾರಿ ಜೂನ್‌ನಲ್ಲಿ ಶೇ. 12ರ ಗೆರೆಯನ್ನು (14,016) ಸ್ವಲ್ಪದರಲ್ಲೇ ತಪ್ಪಿಸಿಕೊಂಡರು. ಸೆಪ್ಟೆಂಬರಿನಲ್ಲೂ ಶೇ. 36 (42,048) ಮುಟ್ಟಲಿಲ್ಲ. ಹೀಗಾಗಿ ಜೂನ್‌ಗೆ 138, ಸೆಪ್ಟೆಂಬರಿಗೆ 561, ಒಟ್ಟು 699 ರೂ. ಬಡ್ಡಿ ಖಚಿತ. ಇದನ್ನು ಈಗ ತಪ್ಪಿಸಲಾಗದು, ರಿಟರ್ನ್ ತುಂಬುವಾಗ ಕಟ್ಟಿದರಾಯಿತು. ಒಳ್ಳೆ ವ್ಯಾಪಾರವಾದ ವರ್ಷದಲ್ಲಿ 699 ರೂಪಾಯಿಗೆ ಯಾರೂ ನಿದ್ದೆಗೆಡಬೇಕಿಲ್ಲ.

ವ್ಯಾಪಾರಿಯ ಮುಂದಿನ ಮಾತು ಬೇರೆ ಇತ್ತು. "ಮುಂಬೈ ಕಾರ್ಖಾನೆ ಬಿಲ್ ಕೊಡೋದೈತ್ರಿ. ಈಗ ಮೂವತ್ತು ಸಾವಿರ ತುಂಬ್ತೀನಿ, ಉಳಿದದ್ದು ಜನವರಿದಾಗ ತುಂಬಿದ್ರ ನಡಿತೈತೇನ್ರಿ?"

ನಡೆಯುತ್ತದೆ, ಆದರೆ ಲೆಕ್ಕ ತಿಳಿದಿರಲಿ. 30,000 ತುಂಬಿದರೆ ಕಡಿಮೆ ಬೀಳುವುದು 23,760. ಬಡ್ಡಿ ಹಾಕುವಾಗ ನೂರರ ಕೆಳಗಿನದನ್ನು ಬಿಡುತ್ತಾರೆ. 23,700ಕ್ಕೆ ಶೇ. 3 ಎಂದರೆ 711 ರೂ. ಮುಖ್ಯವಾದ ಮಾತೆಂದರೆ, ಆ ಹಣವನ್ನು ಡಿಸೆಂಬರ್ 20ಕ್ಕೆ ತುಂಬಿದರೂ 711, ಜನವರಿಯಲ್ಲಿ ತುಂಬಿದರೂ 711, ಮಾರ್ಚ್ 14ಕ್ಕೆ ತುಂಬಿದರೂ 711. ದಿನದ ಲೆಕ್ಕ ಇಲ್ಲಿಲ್ಲ. ತಾರೀಖು ದಾಟಿತೆಂದರೆ ಮೂರು ತಿಂಗಳದ್ದು ಪೂರ್ತಿ. ಒಂದು ತಿಂಗಳ ಮಟ್ಟಿಗೆ ಅಷ್ಟೇ ಹಣವನ್ನು ಬ್ಯಾಂಕಿನ ಓಡಿ ಖಾತೆಯಿಂದ ವರ್ಷಕ್ಕೆ ಶೇ. 11ರಂತೆ ತೆಗೆದರೆ ಬಡ್ಡಿ ಸುಮಾರು 220 ರೂ. ಆಗುತ್ತದೆ. ಓಡಿ ಇರುವ ವ್ಯಾಪಾರಿ ಅದರಿಂದ ತೆಗೆದು ತುಂಬುವುದೇ ಲಾಭ. ಓಡಿ ಇಲ್ಲದವರು ಕೈಲಾದಷ್ಟನ್ನು ತುಂಬಲಿ, ಬಡ್ಡಿ ಕಡಿಮೆ ಬಿದ್ದದ್ದಕ್ಕೆ ಮಾತ್ರ.

ಏನೂ ತುಂಬದೆ ಪತ್ರವನ್ನು ಮರೆತೇಬಿಟ್ಟರೆ? ಡಿಸೆಂಬರಿಗೆ 1,611 ರೂ., ಮಾರ್ಚ್ ಕಂತಿಗೆ ಒಂದು ತಿಂಗಳ ಬಡ್ಡಿ 829 ರೂ. ಇಷ್ಟಕ್ಕೇ ನಿಲ್ಲುವುದಿಲ್ಲ. ಮಾರ್ಚ್ 31ರೊಳಗೆ ತೆರಿಗೆಯ ಶೇ. 90 ಆದರೂ ತುಂಬಿರದಿದ್ದರೆ ಅದೇ ಕಾಯ್ದೆಯ 234ಬಿ ಕಲಮು ಬರುತ್ತದೆ. ಏಪ್ರಿಲ್‌ನಿಂದ, ಬಾಕಿ ತುಂಬುವ ತಿಂಗಳವರೆಗೆ, ತಿಂಗಳಿಗೆ ಶೇ. 1. ಜುಲೈನಲ್ಲಿ ತುಂಬಿದರೆ ನಾಲ್ಕು ತಿಂಗಳಿಗೆ 3,316 ರೂ. ಹಿಂದಿನ 699 ಸೇರಿ ಎಲ್ಲ ಕೂಡಿ 6,455 ರೂ. ಆಡಿಟ್ ಇರುವ ಅಂಗಡಿಯವರು ಅಕ್ಟೋಬರ್‌ವರೆಗೆ ತಡಮಾಡಿದರೆ ಇದು ಇನ್ನೂ ಬೆಳೆಯುತ್ತದೆ.

"ಅರವತ್ತು ದಾಟಿದವರಿಗೆ ಮುಂಗಡ ತೆರಿಗೆ ಇಲ್ಲವಲ್ಲ" ಎಂದು ಕೇಳುವವರು ಬಹಳ. ಈ ವಿನಾಯಿತಿ ನಿಜ. ಆದರೆ ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದ ಹಿರಿಯರಿಗೆ ಮಾತ್ರ. ಬಾಡಿಗೆ, ಬಡ್ಡಿ, ಪಿಂಚಣಿ ಮಾತ್ರ ಇರುವವರು ರಿಟರ್ನ್ ತುಂಬುವಾಗ ಕಟ್ಟಿದರೆ ಸಾಕು. ಅಂಗಡಿ ಮಕ್ಕಳಿಗೆ ಬಿಟ್ಟು ಪಾಲುದಾರಿಕೆ ಫರ್ಮಿನಲ್ಲಿ ಹೆಸರು ಉಳಿಸಿಕೊಂಡ ಹಿರಿಯರು ಇಲ್ಲಿ ಎಡವುತ್ತಾರೆ. ಫರ್ಮಿನಿಂದ ಬರುವ ಲಾಭದ ಪಾಲಿಗೆ ಅವರ ಕೈಯಲ್ಲಿ ತೆರಿಗೆ ಇಲ್ಲ. ಆದರೆ ಫರ್ಮಿನಿಂದ ಬರುವ ಸಂಬಳ ಮತ್ತು ಬಂಡವಾಳದ ಬಡ್ಡಿ ವ್ಯಾಪಾರದ ಆದಾಯವೇ. ಅದು ಇದ್ದರೆ ವಿನಾಯಿತಿ ಸಿಗದು. ಇನ್ನು ಸಣ್ಣ ವ್ಯಾಪಾರಿಗಳು ಅಂದಾಜು ಲಾಭ ತೋರಿಸುವವರಾದರೆ ಅವರಿಗೆ ಮಾರ್ಚ್ 15ರ ಒಂದೇ ಕಂತು. ನಮ್ಮ ವ್ಯಾಪಾರಿಯ ವಹಿವಾಟು ಆ ಮಿತಿ ದಾಟಿದೆ.

ಕೊನೆಯ ದಿನ ರವಿವಾರ ಬಂದದ್ದರ ಬಗ್ಗೆ ಒಂದು ಮಾತು. ಕೊನೆಯ ದಿನ ಬ್ಯಾಂಕಿಗೆ ರಜೆ ಇದ್ದರೆ ಮರುದಿನದ ಕೆಲಸದ ದಿನ ತುಂಬಿದರೂ ಬಡ್ಡಿ ಇಲ್ಲ ಎಂದು ಕೇಂದ್ರ ನೇರ ತೆರಿಗೆಗಳ ಮಂಡಳಿ 1994ರಲ್ಲೇ 676ನೇ ಸುತ್ತೋಲೆಯಲ್ಲಿ ಹೇಳಿದೆ. ಅದರಂತೆ 16ರ ಸೋಮವಾರವೂ ಸರಿಯೇ. ಆದರೂ ಆಡಿಟರ್ 13 ಎಂದು ಬರೆದದ್ದು ಜಾಣತನ. ಗಣಕಯಂತ್ರ 16ನೇ ತಾರೀಖನ್ನು ತಡವೆಂದು ಎಣಿಸಿದರೆ ಸುತ್ತೋಲೆ ತೋರಿಸಿ ಪತ್ರ ಬರೆಯುವ ಕೆಲಸ ಮತ್ತೆ ಅವರ ತಲೆಗೇ ಬರುತ್ತದೆ.

ತುಂಬುವ ಕೆಲಸ ಹತ್ತು ನಿಮಿಷದ್ದು. incometax.gov.in ತೆರೆದು e-Pay Tax ಒತ್ತಿ, Income Tax ಆರಿಸಿದ ಮೇಲೆ ಎರಡು ಕಡೆ ಕಣ್ಣಿಟ್ಟು ನೋಡಬೇಕು. ನಮ್ಮ ಉದಾಹರಣೆಯಲ್ಲಿ Assessment Year ಎಂಬಲ್ಲಿ ಮುಂದಿನ ವರ್ಷ, ಅಂದರೆ 2025-26 ಇರಬೇಕಿತ್ತು. ಆಗ ನಡೆಯುತ್ತಿದ್ದ 2024-25 ಎಂದು ಆರಿಸಿದರೆ ಹಣ ಹಿಂದಿನ ವರ್ಷದ ಖಾತೆಗೆ ಹೋಗುತ್ತಿತ್ತು. ಇನ್ನೊಂದು ಕಡೆ Advance Tax (100) ಇರಬೇಕು, Self-Assessment Tax (300) ಅಲ್ಲ. ತಪ್ಪಾದರೆ ಅದೇ ತಾಣದಲ್ಲಿ ಚಲನ್ ತಿದ್ದುವ ಅವಕಾಶ ಇದೆ. ವರ್ಷ ತಿದ್ದಲು 7 ದಿನ, 100-300ರ ತಪ್ಪು ತಿದ್ದಲು 30 ದಿನ. ಆಡಿಟರ್ ಚಲನ್ ಕೂಡಲೇ ಕೇಳುವುದು ಇದಕ್ಕೇ. ಜುಲೈನಲ್ಲಿ ನೋಡಿದರೆ ಆ ಅವಧಿ ಎಂದೋ ಮುಗಿದಿರುತ್ತದೆ.

ಮೇಲಿನ ತೆರಿಗೆ ಮೊತ್ತಗಳು 2024-25ನೇ ವರ್ಷದ ಸ್ಲ್ಯಾಬ್‌ನವು. 2025ರ ಬಜೆಟ್‌ನಲ್ಲಿ ಸ್ಲ್ಯಾಬ್ ಮತ್ತೆ ಬದಲಾಗಿದೆ. ಆದ್ದರಿಂದ ಲೆಕ್ಕದ ಕ್ರಮವನ್ನು ಮಾತ್ರ ನೋಡಿಕೊಳ್ಳಿ, ಅಂಕಿಗಳನ್ನು ನಕಲು ಮಾಡಬೇಡಿ.

ವ್ಯಾಪಾರಿ ಕೊನೆಗೆ 12ರ ಗುರುವಾರವೇ ಓಡಿಯಿಂದ 53,760 ತುಂಬಿ ಚಲನ್ ಕಳಿಸಿದರು. ಅದರಲ್ಲಿ ಬ್ಯಾಂಕ್ ಶಾಖೆಯ ಬಿಎಸ್ಆರ್ ಕೋಡ್, ತಾರೀಖು, ಚಲನ್ ಸಂಖ್ಯೆ ಮೂರೂ ಇದ್ದವು. ಆಡಿಟರ್ ಅದನ್ನು ಕಡತಕ್ಕೆ ಸೇರಿಸಿ ಒಂದು ಸಾಲು ಬರೆದರು: "ಬಂದು ಮುಟ್ಟಿದೆ. ಅಂದಾಜು ಹೀಗೇ ಉಳಿದರೆ ಮಾರ್ಚ್ ಕಂತು 29,200. ಫೆಬ್ರವರಿ ಲೆಕ್ಕ ಮುಗಿದ ಮೇಲೆ ಮತ್ತೆ ತಿಳಿಸುತ್ತೇವೆ."