ಒಂದು ತಂತಿ, ಮೂರು ದೀಪ

“ಸರ್, ಎರಡಕ್ಕೆ ಮೂರು ಕೂಡಿದ್ರೆ ಆರು ತೋರಿಸ್ತಿದೆ. ಯಾವ ಲೆಕ್ಕ ಕೊಟ್ರೂ ಒಂದು ಜಾಸ್ತಿ. ಆದ್ರೆ ಕಳೆಯೋದು ಮಾತ್ರ ಸರಿಯಾಗೇ ಬರ್ತಿದೆ.”

ಲ್ಯಾಬಿನ ಆ ಮೂಲೆಯಿಂದ ಹುಡುಗಿಯೊಬ್ಬಳು ಹೀಗೆ ಹೇಳಿದರೆ ಎದ್ದು ಹೋಗಿ ಬ್ರೆಡ್‌ಬೋರ್ಡ್ ನೋಡಬೇಕಾಗಿಲ್ಲ. “ಹದಿಮೂರನೇ ಪಿನ್ನಿನ ತಂತಿ ಸಡಿಲವಾಗಿದೆ ನೋಡಮ್ಮ” ಎಂದು ಕುಳಿತಲ್ಲಿಂದಲೇ ಹೇಳಬಹುದು. ಇದರಲ್ಲಿ ಮಂತ್ರವೇನೂ ಇಲ್ಲ. ಆ ಸರ್ಕಿಟ್ ಹೇಗೆ ಕಳೆಯುತ್ತದೆ ಎಂಬುದು ಗೊತ್ತಿದ್ದರೆ ಸಾಕು.

ಅವಳ ಮುಂದಿದ್ದದ್ದು ನಾಲ್ಕು ಬಿಟ್‌ಗಳ ಕೂಡು-ಕಳೆ ಯಂತ್ರ. ನಾಲ್ಕು ಸ್ವಿಚ್ಚುಗಳಲ್ಲಿ A ಎಂಬ ಸಂಖ್ಯೆ, ಇನ್ನು ನಾಲ್ಕರಲ್ಲಿ B. ಒಂಬತ್ತನೆಯ ಸ್ವಿಚ್ಚಿನ ಹೆಸರು M. ಅದು ಸೊನ್ನೆಯಲ್ಲಿದ್ದರೆ ಯಂತ್ರ ಕೂಡುತ್ತದೆ, ಒಂದಕ್ಕೆ ತಿರುಗಿಸಿದರೆ A ಯಿಂದ B ಯನ್ನು ಕಳೆಯುತ್ತದೆ. ಉತ್ತರಕ್ಕೆ ನಾಲ್ಕು ದೀಪ, ಅದರ ಪಕ್ಕದಲ್ಲಿ ಫ್ಲ್ಯಾಗ್ ಎನ್ನುವ ಮೂರು ದೀಪ: ಕ್ಯಾರಿ, ಓವರ್‌ಫ್ಲೋ, ಝೀರೊ. ಬೇಕಾಗುವ ಸಾಮಾನು ಕಡಿಮೆ. ಕೂಡಲು 7483 ಎಂಬ ಒಂದು ಐಸಿ, ನಾಲ್ಕು ನಾಲ್ಕು ಎಕ್ಸಾರ್ ಗೇಟುಗಳಿರುವ 7486 ಎರಡು, ಆರ್ ಗೇಟುಗಳ 7432 ಒಂದು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳುವಂಥ ಐಸಿಗಳೇ ಇವು.

ಇಲ್ಲಿ ಕಳೆಯುವ ಐಸಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. 7483 ಗೆ ಬರುವುದು ಕೂಡುವುದೊಂದೇ. ಹಾಗಿದ್ದೂ ಅದರಿಂದ ಕಳೆಯಿಸುವುದು ಹೇಗೆ?

ಗೋಡೆ ಗಡಿಯಾರ ನೋಡಿ. ಮುಳ್ಳನ್ನು ಮೂರು ಗಂಟೆ ಹಿಂದೆ ತಿರುಗಿಸಿದರೂ ಒಂದೇ, ಒಂಬತ್ತು ಗಂಟೆ ಮುಂದೆ ತಿರುಗಿಸಿದರೂ ಒಂದೇ. ನಿಲ್ಲುವುದು ಅದೇ ಜಾಗದಲ್ಲಿ. ನಾಲ್ಕು ಬಿಟ್ ಎಂದರೆ ಹದಿನಾರು ಮನೆಗಳ ಗಡಿಯಾರ. ಅದರಲ್ಲಿ ಮೂರು ಕಳೆಯುವ ಬದಲು ಹದಿಮೂರು ಕೂಡಬಹುದು. ಹದಿನಾರರಿಂದ B ಕಳೆದರೆ ಬರುವ ಸಂಖ್ಯೆ ಸಿಕ್ಕಿದರೆ ಕೆಲಸ ಮುಗಿಯಿತು. ಅದನ್ನು ಪಡೆಯುವುದು ಸುಲಭ. B ಯ ಪ್ರತಿ ಬಿಟ್ಟನ್ನೂ ತಲೆಕೆಳಗು ಮಾಡಿದರೆ, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಇಟ್ಟರೆ, ಸಿಗುವುದು ಹದಿನೈದರಿಂದ B ಕಳೆದಷ್ಟು. ಅದಕ್ಕೆ ಇನ್ನೊಂದು ಸೇರಿಸಿದರೆ ಹದಿನಾರರ ಲೆಕ್ಕ ಸರಿಹೋಗುತ್ತದೆ.

ಬೇಕೆಂದಾಗ ಮಾತ್ರ ತಲೆಕೆಳಗು ಮಾಡುವ ಕೆಲಸ ಎಕ್ಸಾರ್ ಗೇಟಿನದು. ಮಹಡಿ ಮೆಟ್ಟಿಲಿನ ದೀಪಕ್ಕೆ ಮೇಲೊಂದು ಕೆಳಗೊಂದು ಸ್ವಿಚ್ ಇರುತ್ತದಲ್ಲ, ಅದೇ ಬಗೆ. ಕೆಳಗಿನದನ್ನು ಮುಟ್ಟದೆ ಬಿಟ್ಟರೆ ಮೇಲಿನದು ಹೇಳಿದಂತೆ ದೀಪ ಕೇಳುತ್ತದೆ; ಕೆಳಗಿನದನ್ನು ಒಮ್ಮೆ ಒತ್ತಿದರೆ ಮೇಲಿನದು ಹೇಳಿದ್ದರ ವಿರುದ್ಧ. ನಮ್ಮ ಸರ್ಕಿಟ್ಟಿನಲ್ಲಿ B ಯ ನಾಲ್ಕು ಬಿಟ್ಟುಗಳಿಗೂ ಒಂದೊಂದು ಎಕ್ಸಾರ್ ಗೇಟು, ನಾಲ್ಕರ ಇನ್ನೊಂದು ಕಿವಿಗೂ M. M ಸೊನ್ನೆಯಾದರೆ B ಇದ್ದ ಹಾಗೇ ಹೋಗುತ್ತದೆ, ಒಂದಾದರೆ ಮಗುಚಿ ಹೋಗುತ್ತದೆ.

ಇನ್ನು ಉಳಿದದ್ದು ಆ ‘ಇನ್ನೊಂದು ಸೇರಿಸುವ’ ಕೆಲಸ. 7483 ರ ಹದಿಮೂರನೇ ಪಿನ್ನಿಗೆ C0 ಎಂದು ಹೆಸರು. ಬಲತುದಿಯ ಮನೆಗೆ ಹೊರಗಿನಿಂದ ಬರುವ ‘ಕೈಯಲ್ಲಿ ಒಂದು’ ಇದೇ. M ತಂತಿಯನ್ನು ಇಲ್ಲಿಗೂ ಎಳೆದರೆ, ಮಗುಚುವಾಗಲೆಲ್ಲ ಒಂದು ತಾನಾಗಿ ಸೇರಿಕೊಳ್ಳುತ್ತದೆ. ಏಳರಿಂದ ಮೂರು ಕಳೆಯುವುದನ್ನು ನೋಡೋಣ. ಮೂರು ಎಂದರೆ 0011, ಮಗುಚಿದರೆ 1100.

```
    0111
    1100
  +    1
  ------
  1 0100
```

ಉತ್ತರದ ದೀಪಗಳಲ್ಲಿ 0100, ಅಂದರೆ ನಾಲ್ಕು. ಎಡಕ್ಕೆ ಹೊರಬಿದ್ದ ಒಂದರ ಸಂಗತಿ ಆಮೇಲೆ.

ಈಗ ಆ ಹುಡುಗಿಯ ದೂರು ಅರ್ಥವಾಗುತ್ತದೆ. ಈ ಜಾತಿಯ ಐಸಿಗಳಲ್ಲಿ ಯಾವುದಕ್ಕೂ ಜೋಡಿಸದೆ ಬಿಟ್ಟ ಇನ್‌ಪುಟ್ ಪಿನ್ನು ಸಾಮಾನ್ಯವಾಗಿ ತನ್ನಲ್ಲಿ 1 ಇದೆ ಎಂದೇ ನಡೆದುಕೊಳ್ಳುತ್ತದೆ. C0 ತಂತಿ ಕಳಚಿದರೆ ಯಾವಾಗಲೂ ಒಂದು ಸೇರುತ್ತಲೇ ಇರುತ್ತದೆ. ಕಳೆಯುವಾಗ ಅದು ಬೇಕೇ ಬೇಕಾದ್ದರಿಂದ ತಪ್ಪು ಕಾಣುವುದಿಲ್ಲ, ಕೂಡುವಾಗ ಒಂದು ಹೆಚ್ಚಾಗುತ್ತದೆ. ಅದೇ ಪಿನ್ನನ್ನು ಗ್ರೌಂಡಿಗೆ ಕಟ್ಟಿಬಿಟ್ಟರೆ ತಿರುವುಮುರುವು: ಕೂಡುವುದು ಸರಿ, ಕಳೆದರೆ ಒಂದು ಕಡಿಮೆ. ಇನ್ನು ಯಾವ ದೀಪದ ಮಾತಿಗೂ ಅರ್ಥವೇ ಇಲ್ಲವೆಂದಾದರೆ ಮೊದಲು ಕರೆಂಟಿನ ಪಿನ್ ನೋಡಬೇಕು. ಹದಿನಾರು ಕಾಲಿನ ಹೆಚ್ಚಿನ ಐಸಿಗಳಿಗೆ ಮೂಲೆಯ 16 ಮತ್ತು 8 ಕ್ಕೆ ಕೊಡುವ ಅಭ್ಯಾಸ. 7483 ಗೆ ಮಾತ್ರ ಐದು ವೋಲ್ಟ್ 5 ಕ್ಕೆ, ಗ್ರೌಂಡ್ 12 ಕ್ಕೆ.

ಇನ್ನು ದೀಪಗಳಿಗೆ ಬರೋಣ. ಎಡತುದಿಯಿಂದ ಹೊರಬೀಳುವ ಒಂದು ಹದಿನಾಲ್ಕನೇ ಪಿನ್ನು C4 ರಲ್ಲಿ ಸಿಗುತ್ತದೆ. ಕೂಡುವಾಗ ಅದು ಉರಿದರೆ ಮೊತ್ತ ಹದಿನೈದನ್ನು ದಾಟಿತು ಎಂದರ್ಥ. ಕಳೆಯುವಾಗ ಅರ್ಥ ಬದಲಾಗುತ್ತದೆ. ಏಳರಿಂದ ಮೂರು ಕಳೆದಾಗ C4 ಒಂದಾಯಿತು. ಅಲ್ಲಿ ಸಾಲ ತರುವ ಪ್ರಮೇಯವೇ ಬಂದಿರಲಿಲ್ಲ. ಮೂರರಿಂದ ಏಳು ಕಳೆಯಿರಿ. 0011 ಕ್ಕೆ 1000 ವನ್ನೂ ಒಂದನ್ನೂ ಕೂಡಿದರೆ 1100, C4 ಸೊನ್ನೆ. ಸಾಲ ತಂದಾಗ ದೀಪ ಆರುತ್ತದೆ, ತರದಿದ್ದಾಗ ಉರಿಯುತ್ತದೆ.

ಇದನ್ನು ಹೀಗೇ ಬಿಡಬೇಕೋ ತಿರುಗಿಸಬೇಕೋ ಎಂಬಲ್ಲಿ ದೊಡ್ಡವರಲ್ಲೇ ಎರಡು ಪಂಗಡ. ಮೊಬೈಲುಗಳಲ್ಲಿರುವ ಆರ್ಮ್ ಪ್ರೊಸೆಸರುಗಳು ಕಳೆದಾಗ ಸಾಲವಿಲ್ಲದಿದ್ದರೆ ಕ್ಯಾರಿಯನ್ನು 1 ಮಾಡುತ್ತವೆ. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಟ್ಟಲೆ ಕಲಿಸಿದ 8085, 8086 ಗಳು ಸಾಲವಿದ್ದರೆ 1 ಮಾಡುತ್ತವೆ. ಎರಡನೆಯ ರೂಢಿ ಬೇಕಾದರೆ C4 ಮತ್ತು M ಎರಡನ್ನೂ ಇನ್ನೊಂದು ಎಕ್ಸಾರ್ ಗೇಟಿಗೆ ಕೊಟ್ಟರೆ ಆಯಿತು. ಕೂಡುವಾಗ ಕ್ಯಾರಿ, ಕಳೆಯುವಾಗ ಸಾಲ, ಎರಡನ್ನೂ ಒಂದೇ ದೀಪ ಹೇಳುತ್ತದೆ.

ಮೂರರಿಂದ ಏಳು ಕಳೆದಾಗ ಬಂದ 1100 ಅನ್ನು ಇನ್ನೊಮ್ಮೆ ನೋಡಿ. ಅದನ್ನು ಹನ್ನೆರಡು ಎಂದು ಓದಿದರೆ ತಪ್ಪು. ಆದರೆ ಎಡತುದಿಯ ಬಿಟ್ 1 ಇದ್ದರೆ ಋಣ ಸಂಖ್ಯೆ ಎಂದು ನಾವೇ ಒಪ್ಪಂದ ಮಾಡಿಕೊಂಡಿದ್ದರೆ, ಅಂದರೆ ಮನೆಗಳನ್ನು −8 ರಿಂದ +7 ರವರೆಗೆ ಎಂದು ಎಣಿಸಿದರೆ, 1100 ಎಂಬುದು −4, ಉತ್ತರ ಸರಿ. ತಂತಿಗಳಿಗೆ ಈ ಒಪ್ಪಂದದ ಸುಳಿವೇ ಇಲ್ಲ. ಎರಡು ಓದಿಗೂ ಸರ್ಕಿಟ್ ಅದೇ, ಬಿಟ್ಟುಗಳೂ ಅವೇ. ಆದ್ದರಿಂದಲೇ ಎರಡು ಸಾಕ್ಷಿ ಬೇಕಾದದ್ದು. ಋಣವಿಲ್ಲದ ಓದಿಗೆ ಕ್ಯಾರಿ, ಋಣವಿರುವ ಓದಿಗೆ ಓವರ್‌ಫ್ಲೋ.

ಐದಕ್ಕೆ ಆರು ಕೂಡಿದರೆ 1011. ಋಣವಿಲ್ಲದೆ ಓದಿದರೆ ಹನ್ನೊಂದು, ಸರಿ; ಕ್ಯಾರಿಯೂ ಸುಮ್ಮನಿದೆ. ಋಣ ಸೇರಿಸಿ ಓದಿದರೆ −5! ಎರಡು ಧನ ಸಂಖ್ಯೆ ಕೂಡಿ ಋಣ ಬಂತು. ಓವರ್‌ಫ್ಲೋ ಹಿಡಿಯಬೇಕಾದದ್ದು ಇದನ್ನೇ. ಅದರ ಸೂತ್ರ ಚಿಕ್ಕದು: ಎಡತುದಿಯ ಮನೆಯೊಳಕ್ಕೆ ಬಂದ ಕ್ಯಾರಿ C3, ಅದರಿಂದ ಹೊರಟ ಕ್ಯಾರಿ C4, ಇವೆರಡೂ ಬೇರೆಬೇರೆಯಾದರೆ ಓವರ್‌ಫ್ಲೋ. ಹಾಳೆಯ ಮೇಲೆ ನಾಲ್ಕು ಫುಲ್ ಆ್ಯಡರ್ ಬರೆದವರಿಗೆ ಇದು ಒಂದೇ ಗೇಟಿನ ಕೆಲಸ. ಬ್ರೆಡ್‌ಬೋರ್ಡಿನಲ್ಲಿ ಮಾತ್ರ ತೊಡಕು: C3 ಗೆ 7483 ಯಲ್ಲಿ ಪಿನ್ನೇ ಇಲ್ಲ, ಅದು ಐಸಿಯ ಹೊಟ್ಟೆಯೊಳಗೇ ಉಳಿಯುತ್ತದೆ.

ಒಳಗಿರುವುದನ್ನು ಹೊರಗಿನಿಂದಲೇ ಲೆಕ್ಕ ಹಾಕಬಹುದು. ಎಡತುದಿಯ ಮನೆಯ ಮೊತ್ತದ ಬಿಟ್ S4 ಎಂದರೆ ಆ ಮನೆಯ A4, ಮಗುಚುವ ಗೇಟಿನಿಂದ ಹೊರಬಂದ B4, ಮತ್ತು C3 ಈ ಮೂರರ ಎಕ್ಸಾರ್. ಹಾಗಾದರೆ S4, A4, B4 ಮೂರನ್ನು ಎಕ್ಸಾರ್ ಮಾಡಿದರೆ C3 ಯೇ ಹೊರಬರುತ್ತದೆ. ಅದರ ಜೊತೆ C4 ಅನ್ನೂ ಸೇರಿಸಿದರೆ ಓವರ್‌ಫ್ಲೋ. ನಾಲ್ಕು ಸಂಕೇತ ಬೆಸೆಯಲು ಮೂರು ಎಕ್ಸಾರ್ ಗೇಟು ಬೇಕು. ಮಗುಚಲು ನಾಲ್ಕು, ಓವರ್‌ಫ್ಲೋಗೆ ಮೂರು, ಸಾಲದ ದೀಪಕ್ಕೆ ಒಂದು. ಎರಡು 7486 ರ ಎಂಟೂ ಗೇಟು ಒಂದೂ ಉಳಿಯದಂತೆ ಸರಿಯಾಗಿ ಖರ್ಚಾಯಿತು.

ಇಲ್ಲಿ ಎಡವುವವರು ಬಹಳ. B4 ಅನ್ನು ಸ್ವಿಚ್ಚಿನಿಂದ ನೇರ ತಂದು ಹಾಕಿಬಿಡುತ್ತಾರೆ, ಮಗುಚುವ ಗೇಟಿನ ಆಚೆಯಿಂದ ತರುವುದಿಲ್ಲ. ಕೂಡುವ ಅಷ್ಟೂ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಏಕೆಂದರೆ ಆಗ ಎರಡೂ ಕಡೆ B ಒಂದೇ. ಕಳೆಯಲು ತಿರುಗಿಸಿದ ಕೂಡಲೆ ದೀಪ ಪೂರ್ತಿ ಉಲ್ಟಾ: ಏಳರಿಂದ ಮೂರು ಕಳೆದರೆ ಉರಿಯುತ್ತದೆ, ನಿಜವಾಗಿ ಉಕ್ಕಿ ಹರಿದಾಗ ಆರಿರುತ್ತದೆ. ಕಳೆಯುವಾಗ ಮಾತ್ರ ಓವರ್‌ಫ್ಲೋ ಪ್ರತಿಸಲವೂ ಉಲ್ಟಾ ಹೇಳುತ್ತಿದ್ದರೆ ಬೇರೆಲ್ಲೂ ಹುಡುಕುವುದು ಬೇಡ, ಆ ಒಂದು ತಂತಿ ನೋಡಿ.

ಝೀರೊ ದೀಪದ್ದು ಸಣ್ಣ ಕೆಲಸ. ಉತ್ತರದ ನಾಲ್ಕು ಬಿಟ್ಟುಗಳನ್ನು 7432 ರ ಮೂರು ಆರ್ ಗೇಟುಗಳಿಂದ ಒಂದುಗೂಡಿಸಿದರೆ, ನಾಲ್ಕೂ ಸೊನ್ನೆಯಾದಾಗ ಮಾತ್ರ ಕೊನೆಯಲ್ಲಿ ಸೊನ್ನೆ ಬರುತ್ತದೆ. ಅದನ್ನು ತಿರುಗಿಸಲು ಇನ್ನೊಂದು ಐಸಿ ತರಬೇಕಾಗಿಲ್ಲ. ಎಲ್‌ಇಡಿಯ ಒಂದು ತುದಿಯನ್ನು 470 ಓಮ್ ರೆಸಿಸ್ಟರ್ ಮೂಲಕ ಐದು ವೋಲ್ಟಿಗೂ ಇನ್ನೊಂದು ತುದಿಯನ್ನು ಗೇಟಿನ ಔಟ್‌ಪುಟ್ಟಿಗೂ ಕಟ್ಟಿದರೆ, ಗೇಟು ಸೊನ್ನೆಗಿಳಿದಾಗ ಅದು ಉರಿಯುತ್ತದೆ. ಈ ಐಸಿಗಳಿಗೆ ಕರೆಂಟನ್ನು ಹೊರಗೆ ದೂಡುವುದಕ್ಕಿಂತ ಒಳಗೆ ಎಳೆದುಕೊಳ್ಳುವ ಶಕ್ತಿಯೇ ಹೆಚ್ಚು, ಆದ್ದರಿಂದ ದೀಪಕ್ಕೂ ಇದೇ ಕ್ಷೇಮ. ಐದರಿಂದ ಐದು ಕಳೆದು ನೋಡಿ. ಉತ್ತರದ ದೀಪ ನಾಲ್ಕೂ ಆರಿ ಇದೊಂದು ಹೊತ್ತಿಕೊಳ್ಳಬೇಕು. ಎರಡು ಸಂಖ್ಯೆ ಸಮವೇ ಎಂದು ಪ್ರೊಸೆಸರುಗಳು ತಿಳಿಯುವುದೂ ಹೀಗೆಯೇ: ಕಳೆದು, ಉತ್ತರ ಬಿಸಾಡಿ, ಈ ಫ್ಲ್ಯಾಗ್ ಮಾತ್ರ ನೋಡುತ್ತವೆ.

ಎಲ್ಲ ಸೇರಿ ಎಷ್ಟು ಪರೀಕ್ಷೆ? A ಹದಿನಾರು, B ಹದಿನಾರು, M ಎರಡು, ಒಟ್ಟು 512. ಅಷ್ಟಕ್ಕೂ ಒಂದು ಮಧ್ಯಾಹ್ನ ಸಾಲದಿದ್ದರೆ ಒಂದನ್ನಾದರೂ ಬಿಡಬೇಡಿ: M ಸೊನ್ನೆಯಲ್ಲಿಟ್ಟು 1000 ಕ್ಕೆ 1000 ಕೂಡಿ. ಉತ್ತರ 0000, ಮೂರು ಫ್ಲ್ಯಾಗುಗಳೂ ಒಟ್ಟಿಗೆ ಉರಿಯುತ್ತವೆ. ಎಂಟಕ್ಕೆ ಎಂಟು ಹದಿನಾರು, ಮನೆ ಸಾಲಲಿಲ್ಲ ಎನ್ನುತ್ತದೆ ಕ್ಯಾರಿ. −8 ಕ್ಕೆ −8 ಕೂಡಿದರೆ −16, ಅದಕ್ಕೂ ಮನೆಯಿಲ್ಲ ಎನ್ನುತ್ತದೆ ಓವರ್‌ಫ್ಲೋ. ಝೀರೊ ಮಾತ್ರ ತನ್ನ ಕಣ್ಣಿಗೆ ಬಿದ್ದ ನಾಲ್ಕು ದೀಪ ನೋಡಿ ಸೊನ್ನೆ ಎನ್ನುತ್ತದೆ. ಅದೂ ಸುಳ್ಳಾಡುತ್ತಿಲ್ಲ, ಅದನ್ನು ಕೇಳಿದ್ದು ಅಷ್ಟನ್ನೇ. ಯಾವ ದೀಪದ ಮಾತು ತೆಗೆದುಕೊಳ್ಳಬೇಕು ಎಂಬುದು ಸ್ವಿಚ್ ಒತ್ತಿದವರು ಆ ಬಿಟ್ಟುಗಳನ್ನು ಏನೆಂದು ಎಣಿಸಿದ್ದರು ಎಂಬುದರ ಮೇಲಿದೆ.